ವಾದಪತ್ರದ ಎಂಟಕ್ಕೆ ಎಂಟೇ ಉತ್ತರ: ಲಿಖಿತ ಹೇಳಿಕೆಯನ್ನು ಪ್ಯಾರಾವಾರು ತಾಳೆ ನೋಡುವ ಕ್ರಮ

ದಾವೆ ಹೂಡುವಾಗ ಸಲ್ಲಿಸಿದ ವಾದಪತ್ರದ 8ನೇ ಪ್ಯಾರಾದಲ್ಲಿ ವಾದಿ ತನಗೆ 6,32,250 ರೂಪಾಯಿ ಬರಬೇಕು ಎಂದು ಲೆಕ್ಕ ಹಾಕಿದ್ದಾನೆ. ಅದಕ್ಕೆ ಉತ್ತರವಾಗಿ ಬರೆದ ಪ್ರತಿವಾದಿಯ ಲಿಖಿತ ಹೇಳಿಕೆಯಲ್ಲಿ ‘ವಾದಪತ್ರದ 8ನೇ ಪ್ಯಾರಾದ ಬಗ್ಗೆ ತಕರಾರಿಲ್ಲ’ ಎಂದು ಅಚ್ಚಾಗಿದೆ. ಪ್ರತಿವಾದಿ ಆ ಬಾಕಿಯನ್ನು ಎಂದೂ ಒಪ್ಪಿದವನಲ್ಲ. ನ್ಯಾಯಾಲಯದ ವ್ಯಾಪ್ತಿಯ ಬಗ್ಗೆ ಹೇಳುವ 9ನೇ ಪ್ಯಾರಾಕ್ಕೆಂದು ವಕೀಲರು ಬರೆಸಿದ ಉತ್ತರ ಒಂದು ಮನೆ ಮೇಲೆ ಸರಿದು 8ರ ಜಾಗದಲ್ಲಿ ಕೂತಿದೆ, ಅಷ್ಟೆ. ಕಾಗುಣಿತ ಸರಿ, ವ್ಯಾಕರಣ ಸರಿ, ವಾಕ್ಯವೂ ಸರಿ. ಲಿಖಿತ ಹೇಳಿಕೆಯನ್ನು ಮಾತ್ರ ಮುಂದಿಟ್ಟುಕೊಂಡು ಹತ್ತು ಸಲ ಓದಿದರೂ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ತಪ್ಪು ಇರುವುದು ಆ ಹಾಳೆಯ ಮೇಲಲ್ಲ, ಎರಡು ಹಾಳೆಗಳ ನಡುವೆ.

ಹಾಗಾಗಿ ಲಿಖಿತ ಹೇಳಿಕೆಯ ಕರಡು ತಿದ್ದುವುದೆಂದರೆ ಮೊದಲು ವಾದಪತ್ರವನ್ನು ಓದುವುದು. ಕೈಸಾಲದ ವಸೂಲಿಗೆ ಹಾಕಿದ ಒಂದು ಸಾಧಾರಣ ದಾವೆಯನ್ನು ಕಲ್ಪಿಸಿಕೊಂಡು ಆ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಮಾಡಿ ತೋರಿಸಲಾಗಿದೆ. ವಕೀಲರ ಕಚೇರಿಯ ಕಿರಿಯರು, ಗುಮಾಸ್ತರು, ತಮ್ಮ ಕೇಸಿನ ಕಾಗದವನ್ನು ಸಹಿಗೆ ಮುನ್ನ ತಾವೇ ಓದಬೇಕೆನ್ನುವ ಕಕ್ಷಿದಾರರು, ಎಲ್ಲರಿಗೂ ಕ್ರಮ ಒಂದೇ.

ಉತ್ತರ ತಪ್ಪಿದರೆ ಆಗುವುದೇನು

ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದಲ್ಲಿ ಮೂರು ನಿಯಮಗಳು ಒಂದರ ಬೆನ್ನಿಗೆ ಒಂದು ಇವೆ. 3ನೇ ನಿಯಮದ ಪ್ರಕಾರ ಸಾರಾಸಗಟು ನಿರಾಕರಣೆ ಸಾಲದು. ಪ್ರತಿವಾದಿ ತಾನು ಒಪ್ಪದ ಪ್ರತಿಯೊಂದು ಸಂಗತಿಯನ್ನೂ ಬಿಡಿಬಿಡಿಯಾಗಿ ನಿರಾಕರಿಸಬೇಕು. 4ನೇ ನಿಯಮದ ಪ್ರಕಾರ ನುಣುಚಿಕೊಳ್ಳುವ ಉತ್ತರ ಕೂಡದು. 5ನೇ ನಿಯಮಕ್ಕೇ ಹಲ್ಲಿರುವುದು: ನಿರ್ದಿಷ್ಟವಾಗಿಯಾಗಲಿ, ಸಂದರ್ಭದಿಂದ ಹೊರಡುವ ಅರ್ಥದಿಂದಾಗಲಿ ನಿರಾಕರಿಸದ, ‘ಒಪ್ಪಿಲ್ಲ’ ಎಂದೂ ಹೇಳದ ಸಂಗತಿಯನ್ನು ಒಪ್ಪಿಕೊಂಡಂತೆಯೇ ತಿಳಿಯಲಾಗುತ್ತದೆ. ಅಪ್ರಾಪ್ತರು ಮೊದಲಾದ, ಕಾನೂನಿನ ಕಣ್ಣಲ್ಲಿ ಅಸಮರ್ಥರಾದವರಿಗೆ ಮಾತ್ರ ಇದರಿಂದ ವಿನಾಯಿತಿ. ಹಾಗೆ ಒಪ್ಪಿಕೊಂಡಂತಾದರೂ ಬೇರೆ ರೀತಿಯ ಪುರಾವೆ ಕೇಳುವ ಅಧಿಕಾರ ನ್ಯಾಯಾಲಯಕ್ಕೆ ಇದೆ, ಆದರೆ ಅದು ನ್ಯಾಯಾಲಯದ ವಿವೇಚನೆ, ಪ್ರತಿವಾದಿಯ ಹಕ್ಕಲ್ಲ.

ಸುಪ್ರೀಂ ಕೋರ್ಟ್ 2024ರಲ್ಲಿ ತಂಗಂ ವಿರುದ್ಧ ನವಮಣಿ ಅಮ್ಮಾಳ್ ಪ್ರಕರಣದಲ್ಲಿ ಇದನ್ನೇ ಮತ್ತೆ ಹೇಳಿತು. ಪ್ಯಾರಾವಾರು ಉತ್ತರ ಕೊಡದೆ ತನ್ನ ಕಥೆಯನ್ನಷ್ಟೇ ಬರೆದರೆ, ಯಾವುದನ್ನು ಒಪ್ಪಿದ್ದಾರೆ ಯಾವುದನ್ನು ಒಪ್ಪಿಲ್ಲ ಎಂದು ನ್ಯಾಯಾಲಯವೇ ಹುಡುಕಾಡಬೇಕಾಗುತ್ತದೆ ಎಂಬುದು ಅಲ್ಲಿನ ಆಕ್ಷೇಪ. ಲಿಖಿತ ಹೇಳಿಕೆಯ ಕೊನೆಯಲ್ಲಿ ರೂಢಿಯಂತೆ ಸೇರಿಸುವ ‘ಮೇಲೆ ನಿರ್ದಿಷ್ಟವಾಗಿ ಒಪ್ಪಿಕೊಳ್ಳದ ಎಲ್ಲವನ್ನೂ ನಿರಾಕರಿಸಲಾಗಿದೆ’ ಎಂಬ ಸಾಲು ಇರಲಿ, ಕೆಡುಕಿಲ್ಲ. ಆದರೆ ತಾಳೆ ನೋಡುವವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಬಿಟ್ಟುಹೋದ ಉತ್ತರಕ್ಕೆ ಅದು ಚಾಪೆ ಹಾಸುವುದಿಲ್ಲ.

ಯಾವ ವಾದಪತ್ರ?

ಮೇಜಿನ ಮೇಲಿರುವುದು ಸಮನ್ಸಿನ ಜೊತೆ ಬಂದ ಪ್ರತಿಯೇ, ನ್ಯಾಯಾಲಯದ ಕಡತದಲ್ಲಿರುವುದೂ ಅದೇ ಆಗಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ದಾಖಲಿಸುವಾಗ ಆಕ್ಷೇಪಣೆ ಬಂದು ಪೆನ್ನಿನಲ್ಲಿ ತಿದ್ದಿದ ದಿನಾಂಕ, ಸರ್ವೆ ನಂಬರು, ಚೆಕ್ಕುಬಂದಿ ಕೆಲವೊಮ್ಮೆ ಕಕ್ಷಿದಾರರ ಕೈಗೆ ಬಂದ ಪ್ರತಿಯಲ್ಲಿ ಇರುವುದೇ ಇಲ್ಲ. ವಾದಪತ್ರಕ್ಕೆ ತಿದ್ದುಪಡಿ ಆಗಿದ್ದರೆ ತಿದ್ದುಪಡಿಯಾದ ಪ್ರತಿಯನ್ನೇ ಹಿಡಿಯಬೇಕು. ಅಲ್ಲಿ 5ಎ, 5ಬಿ ಎಂಬ ಹೊಸ ಪ್ಯಾರಾಗಳು ನುಸುಳಿರುತ್ತವೆ.

ಆಮೇಲೆ ವಿಷಯಕ್ಕೆ ಹೋಗದೆ ಬರೀ ಸಂಖ್ಯೆಗಳನ್ನು ಓದಿಕೊಂಡು ಹೋಗಿ: 1, 2, 3, 4... ವಾದಪತ್ರದಲ್ಲೇ ಸಂಖ್ಯೆ ಕೆಟ್ಟಿರುವುದು ಅಪರೂಪವಲ್ಲ. 6 ಎರಡು ಸಲ ಬಂದಿರಬಹುದು, 9 ಆದಮೇಲೆ 11 ಬಂದಿರಬಹುದು, ಮಧ್ಯದ ಒಂದು ಪ್ಯಾರಾಕ್ಕೆ ಸಂಖ್ಯೆಯೇ ಇಲ್ಲದಿರಬಹುದು. ಆ ತಪ್ಪನ್ನು ನಿಮ್ಮ ಉತ್ತರದಲ್ಲಿ ಸರಿಪಡಿಸಲು ಹೋಗಬೇಡಿ. ನೀವು ಅವರ ಎರಡನೇ 6ನ್ನು 7 ಎಂದು ಕರೆದರೆ ಅಲ್ಲಿಂದ ಮುಂದಿನದೆಲ್ಲ ಒಂದು ಮನೆ ಸರಿಯುತ್ತದೆ. ‘ವಾದಪತ್ರದ 3ನೇ ಪುಟದಲ್ಲಿ ಎರಡನೇ ಬಾರಿಗೆ 6 ಎಂದು ನಮೂದಿಸಿರುವ ಪ್ಯಾರಾಕ್ಕೆ’ ಎಂದು ಬರೆದರೆ ಸಾಕು. ಸಂಖ್ಯೆಯಿಲ್ಲದ ಪ್ಯಾರಾವನ್ನೂ ಪುಟ ಮತ್ತು ಮೊದಲ ನಾಲ್ಕು ಪದಗಳಿಂದ ಗುರುತಿಸಬಹುದು.

ವಾದಪತ್ರದ ಅಂಕಿಗಳು ಕನ್ನಡದಲ್ಲಿದ್ದರೆ ೬ ಮತ್ತು ೯ನ್ನು ಇನ್ನೊಮ್ಮೆ ನೋಡಿ. ನಕಲು ಯಂತ್ರದಲ್ಲಿ ನಾಲ್ಕು ಸಲ ಹೋಗಿ ಬಂದ ಪ್ರತಿಯಲ್ಲಿ ಅವೆರಡೂ ಅವಳಿಗಳು.

ಪ್ಯಾರಾ ಎಣಿಸಬೇಡಿ, ಸಂಗತಿ ಎಣಿಸಿ

ನಮ್ಮ ಮಾದರಿ ವಾದಪತ್ರದಲ್ಲಿ 12 ಪ್ಯಾರಾಗಳಿವೆ. 1 ಮತ್ತು 2 ವಿಳಾಸಗಳು. 3ರಲ್ಲಿ ಪರಿಚಯ, 4ರಲ್ಲಿ ಸಾಲ, 5ರಲ್ಲಿ ಬಡ್ಡಿ ಕಟ್ಟಿ ನಿಲ್ಲಿಸಿದ್ದು, 6ರಲ್ಲಿ ಬಾಯಿಮಾತಿನ ತಗಾದೆ, 7ರಲ್ಲಿ ವಕೀಲರ ನೋಟಿಸು, 8ರಲ್ಲಿ ಬಾಕಿಯ ಲೆಕ್ಕ, 9ರಲ್ಲಿ ನ್ಯಾಯಾಲಯದ ವ್ಯಾಪ್ತಿ, 10ರಲ್ಲಿ ವ್ಯಾಜ್ಯಕಾರಣ ಎಂದರೆ ದಾವೆ ಹೂಡಲು ಕಾರಣವಾದ ಸಂಗತಿ, 11ರಲ್ಲಿ ದಾವೆಯ ಮೌಲ್ಯ ಮತ್ತು ಕೋರ್ಟ್ ಫೀ, 12ರಲ್ಲಿ ಬೇರೆ ದಾವೆ ಹೂಡಿಲ್ಲ ಎಂಬ ಮಾತು.

ಈಗ 4ನೇ ಪ್ಯಾರಾವನ್ನು ಹತ್ತಿರದಿಂದ ನೋಡೋಣ. ಅದು ಹೀಗಿದೆ:

‘ದಿನಾಂಕ 12-06-2022ರಂದು ಪ್ರತಿವಾದಿಯು ತನ್ನ ಮನೆ ಕಟ್ಟುವ ಖರ್ಚಿಗೆಂದು ಕೇಳಿಕೊಂಡ ಮೇರೆಗೆ ವಾದಿಯು ಬ್ಯಾಂಕ್ ಮೂಲಕ 2,50,000 ರೂ. ಮತ್ತು ನಗದಾಗಿ 2,00,000 ರೂ., ಒಟ್ಟು 4,50,000 ರೂ. ಸಾಲ ಕೊಟ್ಟಿದ್ದು, ಪ್ರತಿವಾದಿಯು ಅದೇ ದಿನ ಇಬ್ಬರು ಸಾಕ್ಷಿದಾರರ ಸಮಕ್ಷಮ ಪ್ರೋನೋಟು ಬರೆದುಕೊಟ್ಟು, ಸದರಿ ಹಣಕ್ಕೆ ವಾರ್ಷಿಕ ಶೇ. 18ರ ಬಡ್ಡಿ ಕೊಡಲು ಒಪ್ಪಿರುತ್ತಾನೆ.’

ಒಂದೇ ವಾಕ್ಯ, ಆದರೆ ಸಂಗತಿ ಏಳು. ಅವನ್ನು ಬಿಳಿ ಹಾಳೆಯಲ್ಲಿ ಒಂದರ ಕೆಳಗೊಂದು ಬಿಡಿಸಿ ಬರೆಯಿರಿ: 4/1 ಪ್ರತಿವಾದಿ ಆ ದಿನ ಸಾಲ ಕೇಳಿದ, 4/2 ಕೇಳಿದ್ದು ಮನೆ ಕಟ್ಟುವುದಕ್ಕೆ, 4/3 ಬ್ಯಾಂಕಿನ ಮೂಲಕ 2,50,000 ಬಂತು, 4/4 ನಗದಾಗಿ 2,00,000 ಬಂತು, 4/5 ಪ್ರೋನೋಟು ಬರೆದುಕೊಟ್ಟ, 4/6 ಇಬ್ಬರು ಸಾಕ್ಷಿಗಳಿದ್ದರು, 4/7 ಶೇ. 18ರ ಬಡ್ಡಿಗೆ ಒಪ್ಪಿದ. ಎಲ್ಲ ಪ್ಯಾರಾಗಳನ್ನೂ ಹೀಗೆ ಒಡೆದರೆ ಹನ್ನೆರಡು ಪ್ಯಾರಾದ ವಾದಪತ್ರದಿಂದ ಮೂವತ್ತರ ಆಸುಪಾಸು ಸಾಲುಗಳು ಬರುತ್ತವೆ. ಪ್ರತಿ ಸಾಲಿನ ಮುಂದೆ ಮೂರು ಕಾಲಂ ಬಿಡಿ: ಲಿಖಿತ ಹೇಳಿಕೆಯಲ್ಲಿ ಉತ್ತರ ಎಲ್ಲಿದೆ (ಪುಟ, ಪ್ಯಾರಾ), ಏನು ಉತ್ತರ (ಒಪ್ಪಿದೆ, ನಿರಾಕರಿಸಿದೆ, ಒಪ್ಪಿಲ್ಲ), ಕಕ್ಷಿದಾರ ಹೇಳಿದ್ದೇನು. ಮೂರನೇ ಕಾಲಂ ತುಂಬುವಾಗ ಕರಡನ್ನು ನೋಡಬಾರದು. ಕಕ್ಷಿದಾರರನ್ನು ಕೂರಿಸಿಕೊಂಡು ಸಾಲುಸಾಲಾಗಿ ಕೇಳಿ ಬರೆಯಬೇಕು. ಕರಡಿನಿಂದಲೇ ಅದನ್ನೂ ತುಂಬಿದರೆ ಕನ್ನಡಿಯಲ್ಲಿ ಕನ್ನಡಿ ನೋಡಿದ ಹಾಗೆ.

ನಮ್ಮ ಪ್ರತಿವಾದಿ ಹೇಳುವುದು ಇಷ್ಟು. ಬ್ಯಾಂಕಿನಿಂದ ಬಂದ ಎರಡೂವರೆ ಲಕ್ಷ ನಿಜ. ನಗದು ಒಂದು ರೂಪಾಯಿಯೂ ಬಂದಿಲ್ಲ. ಪ್ರೋನೋಟಿನ ಸಹಿ ತನ್ನದೇ, ಆದರೆ ಸಹಿ ಹಾಕುವಾಗ ಮೊತ್ತದ ಜಾಗ ಖಾಲಿ ಇತ್ತು. ಬಡ್ಡಿಯ ಮಾತೇ ಆಗಿರಲಿಲ್ಲ. 03-08-2023ರಂದು ಒಂದು ಲಕ್ಷವನ್ನು ಯುಪಿಐ ಮೂಲಕ ಹಿಂದಿರುಗಿಸಿದ್ದಾನೆ. ನೋಟಿಸು ಬಂದಿತ್ತು, 24-02-2025ರಂದು ಉತ್ತರವನ್ನೂ ಕೊಟ್ಟಿದ್ದಾನೆ.

ಪ್ಯಾರಾ 3ನ್ನು ಒಡೆಯುವಾಗ ಒಂದು ಎಚ್ಚರ. ಮೊದಲ ಎರಡು ವಾಕ್ಯ ನಿರಪಾಯ: ಇಬ್ಬರೂ ಪರಿಚಿತರು, ವಾದಿಗೆ ಹಾರ್ಡ್‌ವೇರ್ ಅಂಗಡಿ ಇದೆ. ಮೂರನೆಯದರಲ್ಲಿ ಮೆಲ್ಲಗೆ, ‘ಈ ಹಿಂದೆಯೂ ಪ್ರತಿವಾದಿಯು ಹಲವು ಬಾರಿ ನಗದಾಗಿ ಕೈಸಾಲ ಪಡೆದಿರುತ್ತಾನೆ’ ಎಂದಿದೆ. ಕರಡಿನಲ್ಲಿ ‘3ನೇ ಪ್ಯಾರಾ ಔಪಚಾರಿಕವಾದ್ದರಿಂದ ಉತ್ತರ ಅಗತ್ಯವಿಲ್ಲ’ ಎಂದಿದ್ದರೆ, ನಗದು ವ್ಯವಹಾರದ ರೂಢಿ ಇತ್ತು ಎಂದು ಒಪ್ಪಿದಂತಾಯಿತು. ಆಮೇಲೆ 4/4ರ ನಗದನ್ನು ಅಲ್ಲಗಳೆಯುವುದು ಅಷ್ಟು ಕಷ್ಟವಾಗುತ್ತದೆ. ‘ಔಪಚಾರಿಕ’ ಎಂಬ ಪದ ಕಂಡಲ್ಲೆಲ್ಲ ಆ ಪ್ಯಾರಾದ ಕೊನೆಯ ವಾಕ್ಯವನ್ನು ಮತ್ತೆ ಓದಿ.

ಸಂಖ್ಯೆ ಸರಿಯುವುದು ಎಲ್ಲಿ

ಮೇಲೆ ಹೇಳಿದ 8–9ರ ಅದಲುಬದಲು ಹೇಗಾಯಿತೆಂದರೆ: ಕರಡು ಬರೆದವರು 4 ಮತ್ತು 5ಕ್ಕೆ ಸೇರಿಸಿ ಒಂದೇ ಉತ್ತರ ಕೊಟ್ಟರು. ವರ್ಡ್‌ನ ತಾನೇ ಹಾಕುವ ಸಂಖ್ಯೆ ಅದಕ್ಕೆ 4 ಎಂದು ಕೊಟ್ಟಿತು, ಮುಂದಿನದಕ್ಕೆ 5 ಎಂದಿತು. ಆದರೆ ಅದು ವಾದಪತ್ರದ 6ಕ್ಕೆ ಬರೆದ ಉತ್ತರ. ಅಲ್ಲಿಂದ ಕೊನೆಯವರೆಗೂ ಎಲ್ಲವೂ ಒಂದು ಹಿಂದೆ: ಲೆಕ್ಕದ ನಿರಾಕರಣೆ 7ರಲ್ಲಿ ನೋಟಿಸಿನ ಎದುರು ಕೂತಿತು, ವ್ಯಾಪ್ತಿಗೆ ತಕರಾರಿಲ್ಲ ಎಂಬುದು 8ರಲ್ಲಿ ಲೆಕ್ಕದ ಎದುರು ಕೂತಿತು. ಇಂಥ ಸರಿತಕ್ಕೆ ಒಂದು ಗುರುತಿದೆ. ವಾದಪತ್ರ 12ಕ್ಕೆ ಮುಗಿದರೆ ಉತ್ತರಗಳು 11ಕ್ಕೇ ಮುಗಿದಿರುತ್ತವೆ. ಕೊನೆಯ ಸಂಖ್ಯೆಯನ್ನು ಮೊದಲು ನೋಡುವುದು ಅರ್ಧ ನಿಮಿಷದ ಕೆಲಸ. ಆದರೆ ಕೊನೆಯ ಸಂಖ್ಯೆ ಸರಿಯಿದೆ ಎಂದಮಾತ್ರಕ್ಕೆ ನಡುವಿನದು ಸರಿಯಿದೆ ಎಂದಲ್ಲ. ಒಂದು ಕಡೆ ಎರಡನ್ನು ಕೂಡಿಸಿ, ಇನ್ನೊಂದು ಕಡೆ ಒಂದನ್ನು ಒಡೆದಿದ್ದರೆ ಮೊತ್ತ ಸರಿಯಾಗಿಯೇ ಕಾಣುತ್ತದೆ.

ಇನ್ನೊಂದು ಮೂಲ, ಪ್ರಾಥಮಿಕ ಆಕ್ಷೇಪಣೆಗಳು. ಲಿಖಿತ ಹೇಳಿಕೆಯ ಮೊದಲ ಮೂರು ಪ್ಯಾರಾಗಳಲ್ಲಿ ದಾವೆ ಊರ್ಜಿತವಲ್ಲ ಇತ್ಯಾದಿ ಬರೆದರೆ, ವಾದಪತ್ರದ 4ಕ್ಕೆ ಉತ್ತರ ಲಿಖಿತ ಹೇಳಿಕೆಯ 7ನೇ ಪ್ಯಾರಾ ಆಗುತ್ತದೆ. ಅದು ತಪ್ಪಲ್ಲ. ಆದರೆ ಪ್ರತಿ ಉತ್ತರದ ತಲೆಯಲ್ಲಿ ‘ವಾದಪತ್ರದ 4ನೇ ಪ್ಯಾರಾಕ್ಕೆ’ ಎಂದು ಅಕ್ಷರದಲ್ಲಿ ಇರಲೇಬೇಕು, ಬರೀ ಅಂಚಿನ ಸಂಖ್ಯೆ ಸಾಲದು. ‘ಪ್ಯಾರಾ 7ರಲ್ಲಿ ಹೇಳಿರುವಂತೆ’ ಎಂದು ಮೊಟಕಾಗಿ ಬರೆದ ಕಡೆಯೆಲ್ಲ ಯಾರ 7 ಎಂದು ಕೇಳಿಕೊಳ್ಳಿ. ವಾದಪತ್ರದ 7 ನೋಟಿಸು, ಲಿಖಿತ ಹೇಳಿಕೆಯ 7 ಸಾಲ.

ತಲೆಬರಹದ ಸಂಖ್ಯೆಯನ್ನು ಕೈಯಾರೆ ಟೈಪ್ ಮಾಡುವುದು ಒಳ್ಳೆಯದು. ಕರಡು ಈಗಾಗಲೇ ತಾನೇ ಹಾಕುವ ಸಂಖ್ಯೆಯಲ್ಲಿದ್ದರೆ, ವರ್ಡ್‌ನಲ್ಲಿ Alt+F11 ಒತ್ತಿ, ಆಮೇಲೆ Ctrl+G ಒತ್ತಿ, ಕೆಳಗೆ ತೆರೆಯುವ ಕಿಟಕಿಯಲ್ಲಿ ಈ ಸಾಲನ್ನು ಬರೆದು ಎಂಟರ್ ಒತ್ತಿದರೆ ಸಂಖ್ಯೆಗಳೆಲ್ಲ ಸಾದಾ ಅಕ್ಷರಗಳಾಗುತ್ತವೆ:

```
ActiveDocument.ConvertNumbersToText
```

ಅದಾದ ಮೇಲೆ ನಡುವೆ ಒಂದು ಪ್ಯಾರಾ ಸೇರಿಸಿದರೂ ಉಳಿದವು ಅಲುಗಾಡುವುದಿಲ್ಲ. ಕೆಲಸಕ್ಕೆ ಮುನ್ನ ಕಡತದ ಒಂದು ನಕಲು ಉಳಿಸಿಕೊಳ್ಳಿ.

ಸರಿತವನ್ನು ಹಿಡಿಯಲು ಇಬ್ಬರು ಕೂತು ಮಾಡುವ ಒಂದು ಪರೀಕ್ಷೆ ಇದೆ. ಒಬ್ಬರ ಕೈಯಲ್ಲಿ ವಾದಪತ್ರ, ಇನ್ನೊಬ್ಬರ ಕೈಯಲ್ಲಿ ಲಿಖಿತ ಹೇಳಿಕೆ. ಲಿಖಿತ ಹೇಳಿಕೆ ಹಿಡಿದವರು ಸಂಖ್ಯೆಯನ್ನು ಹೇಳದೆ ಉತ್ತರವನ್ನು ಮಾತ್ರ ಗಟ್ಟಿಯಾಗಿ ಓದಬೇಕು. ಇದು ಯಾವ ಪ್ಯಾರಾದ ಉತ್ತರ ಎಂದು ವಾದಪತ್ರ ಹಿಡಿದವರು ಹೇಳಬೇಕು. ಅವರು ‘ಒಂಬತ್ತು’ ಎಂದು ಕಾಗದದಲ್ಲಿ 8 ಇದ್ದರೆ ಸರಿತ ಸಿಕ್ಕಿತು. ಯಾವುದಕ್ಕೆಂದು ಹೇಳಲಾಗದೆ ಅವರು ತಡವರಿಸಿದರೆ ಅದೂ ಒಂದು ಪತ್ತೆಯೇ. ‘ಈ ಪ್ಯಾರಾದ ಸಂಗತಿಗಳು ಸುಳ್ಳು, ಕಟ್ಟುಕಥೆ, ನಿರಾಕರಿಸಲಾಗಿದೆ’ ಎಂಬ ವಾಕ್ಯ ಯಾವ ಪ್ಯಾರಾಕ್ಕೆ ಬೇಕಾದರೂ ಹೊಂದುತ್ತದೆ, ಅಂದರೆ ಅದು ಯಾವುದಕ್ಕೂ ನಿರ್ದಿಷ್ಟವಾದ ಉತ್ತರವಲ್ಲ.

ನಿರಾಕರಣೆಯ ವಾಕ್ಯ: ‘ಮತ್ತು’ ಎಂಬ ಬಲೆ

ಸಂಖ್ಯೆ ತಾಳೆಯಾದ ಮೇಲೆ ಒಂದೊಂದೇ ಉತ್ತರದ ಒಳಗೆ ಇಳಿಯಬೇಕು. ನಮ್ಮ ಕರಡಿನಲ್ಲಿ 4ನೇ ಪ್ಯಾರಾಕ್ಕೆ ಬರೆದದ್ದು ಹೀಗಿತ್ತು: ‘ದಿನಾಂಕ 12-06-2022ರಂದು ವಾದಿಯು ಬ್ಯಾಂಕ್ ಮೂಲಕ 2,50,000 ರೂ. ಮತ್ತು ನಗದಾಗಿ 2,00,000 ರೂ. ಒಟ್ಟು 4,50,000 ರೂ. ಕೊಟ್ಟು ಪ್ರತಿವಾದಿಯು ಪ್ರೋನೋಟು ಬರೆದುಕೊಟ್ಟನೆಂಬುದು ಸುಳ್ಳು.’

ಓದಲು ಗಟ್ಟಿಯಾಗಿದೆ. ಆದರೆ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ವಾಕ್ಯದ ತುದಿಯ ಒಂದು ‘ಸುಳ್ಳು’ ಹಿಂದಿನದೆಲ್ಲಕ್ಕೂ ಒಟ್ಟಾಗಿ ಅಂಟಿಕೊಳ್ಳುತ್ತದೆ. ಸುಳ್ಳು ಯಾವುದು? ದಿನಾಂಕವೋ, ನಗದೋ, ಒಟ್ಟು ಮೊತ್ತವೋ, ಪ್ರೋನೋಟೋ? ಬೇರೆ ದಿನ ಕೊಟ್ಟಿರಬಹುದು, ನಾಲ್ಕು ಲಕ್ಷ ಕೊಟ್ಟಿರಬಹುದು ಎಂದು ವಾದಿಯ ವಕೀಲರು ವಾದಿಸಿದರೆ ಈ ವಾಕ್ಯ ತಡೆಯುವುದಿಲ್ಲ. 4ನೇ ನಿಯಮ ಕೊಡುವ ಉದಾಹರಣೆಯೇ ಹಣದ್ದು: ಇಷ್ಟು ಮೊತ್ತ ಪಡೆದ ಎಂಬ ಆರೋಪಕ್ಕೆ ‘ಅಷ್ಟು ಪಡೆದಿಲ್ಲ’ ಎಂದರೆ ಸಾಲದು, ಆ ಮೊತ್ತವನ್ನಾಗಲಿ ಅದರ ಯಾವುದೇ ಭಾಗವನ್ನಾಗಲಿ ಪಡೆದಿಲ್ಲ ಎನ್ನಬೇಕು, ಇಲ್ಲವೇ ಎಷ್ಟು ಪಡೆದದ್ದು ಎಂದು ಹೇಳಬೇಕು. ಮೇಲಾಗಿ ಬ್ಯಾಂಕಿನ ಹಣ ನಿಜವಾಗಿರುವಾಗ ಅದನ್ನೂ ಈ ‘ಸುಳ್ಳು’ ನುಂಗಿಬಿಟ್ಟಿದೆ. ನಾಳೆ ಪಾಸ್‌ಬುಕ್ ತೋರಿಸಿದರೆ ಪ್ರತಿವಾದಿಯ ಉಳಿದ ಮಾತಿನ ತೂಕವೂ ಇಳಿಯುತ್ತದೆ.

ಕನ್ನಡದಲ್ಲಿ ಇದಕ್ಕೆ ಮದ್ದು ‘ಆಗಲಿ’. ತಿದ್ದಿದ ಉತ್ತರ ಹೀಗಾಯಿತು:

‘ವಾದಪತ್ರದ 4ನೇ ಪ್ಯಾರಾಕ್ಕೆ: ದಿನಾಂಕ 12-06-2022ರಂದು ವಾದಿಯು ಪ್ರತಿವಾದಿಯ ಬ್ಯಾಂಕ್ ಖಾತೆಗೆ 2,50,000 ರೂ. (ಎರಡು ಲಕ್ಷ ಐವತ್ತು ಸಾವಿರ ರೂಪಾಯಿ) ಕಳುಹಿಸಿದ್ದನ್ನೂ, ಅದನ್ನು ಪ್ರತಿವಾದಿಯು ಮನೆ ಕಟ್ಟುವ ಸಲುವಾಗಿ ಕೇಳಿದ್ದನ್ನೂ ಮಾತ್ರ ಒಪ್ಪಿಕೊಳ್ಳಲಾಗಿದೆ. ಆ ದಿನವಾಗಲಿ ಬೇರೆ ಯಾವುದೇ ದಿನವಾಗಲಿ ವಾದಿಯಿಂದ 2,00,000 ರೂ. (ಎರಡು ಲಕ್ಷ ರೂಪಾಯಿ) ಗಳನ್ನಾಗಲಿ ಅದರ ಯಾವುದೇ ಭಾಗವನ್ನಾಗಲಿ ನಗದಾಗಿ ಪಡೆದಿರುವುದನ್ನು ನಿರಾಕರಿಸಲಾಗಿದೆ. ಒಟ್ಟು 4,50,000 ರೂ. (ನಾಲ್ಕು ಲಕ್ಷ ಐವತ್ತು ಸಾವಿರ ರೂಪಾಯಿ) ಸಾಲ ಪಡೆದಿರುವುದನ್ನು ನಿರಾಕರಿಸಲಾಗಿದೆ. ವಾರ್ಷಿಕ ಶೇ. 18ರ ದರದಲ್ಲಾಗಲಿ ಬೇರೆ ಯಾವುದೇ ದರದಲ್ಲಾಗಲಿ ಬಡ್ಡಿ ಕೊಡಲು ಒಪ್ಪಿರುವುದನ್ನು ನಿರಾಕರಿಸಲಾಗಿದೆ. ಸಾಕ್ಷಿದಾರರು ಹಾಜರಿದ್ದರೆಂಬುದನ್ನು ನಿರಾಕರಿಸಲಾಗಿದೆ. ಪ್ರೋನೋಟಿನ ಬಗ್ಗೆ ಈ ಹೇಳಿಕೆಯ 16ನೇ ಪ್ಯಾರಾದಲ್ಲಿ ವಿವರಿಸಿದ್ದು, ಅದಕ್ಕೆ ಹೊರತಾಗಿ ಪ್ರೋನೋಟು ಬರೆದುಕೊಟ್ಟೆನೆಂಬುದನ್ನು ನಿರಾಕರಿಸಲಾಗಿದೆ.’

ಉದ್ದವಾಯಿತು, ನಿಜ. ಆದರೆ ಈಗ ಏಳು ಸಾಲಿಗೂ ಉತ್ತರ ಸಿಕ್ಕಿದೆ. ಪಟ್ಟಿ ತೆಗೆದು ಒಂದೊಂದಕ್ಕೂ ಟಿಕ್ ಹಾಕಬಹುದು. ಮೊತ್ತಗಳನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುವುದು 6ನೇ ಆದೇಶದ 2ನೇ ನಿಯಮದ ಅಪೇಕ್ಷೆ, ಶೋಕಿಯಲ್ಲ. ಅಂಕಿ ಮತ್ತು ಅಕ್ಷರ ಒಂದಕ್ಕೊಂದು ಹೊಂದುತ್ತವೆಯೇ ಎಂದೂ ನೋಡಿ. ಮೊತ್ತ ಬದಲಿಸಿದವರು ಆವರಣದೊಳಗಿನ ಅಕ್ಷರವನ್ನು ಬದಲಿಸಲು ಮರೆಯುವುದೇ ಹೆಚ್ಚು. ‘ಸದರಿ ಹಣ’ ಎಂಬ ಪ್ರಯೋಗ ಉತ್ತರದಲ್ಲಿ ಬಂದರೆ ಹೊಡೆದು ಹಾಕಿ ಮೊತ್ತವನ್ನೇ ಬರೆಯಿರಿ. ಮೂರು ಮೊತ್ತಗಳಿರುವ ಪ್ಯಾರಾದಲ್ಲಿ ‘ಸದರಿ’ ಯಾವುದಕ್ಕೆ ಎಂದು ಬರೆದವರಿಗೂ ಒಂದು ತಿಂಗಳಾದ ಮೇಲೆ ನೆನಪಿರುವುದಿಲ್ಲ.

ಇನ್ನು ‘ಪ್ರತಿವಾದಿಗೆ ಗೊತ್ತಿಲ್ಲ’ ಎಂಬ ಉತ್ತರ. ಸಂಗತಿ ತನಗೆ ತಿಳಿಯದು ಎನ್ನುವುದು ಆ ಸಂಗತಿಯ ನಿರಾಕರಣೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಜಹೂರಿ ಸಾಹ್ ಪ್ರಕರಣದಲ್ಲಿ ಹಿಂದೆಯೇ ಹೇಳಿದೆ. ನಿಜಕ್ಕೂ ಗೊತ್ತಿಲ್ಲದ ಸಂಗತಿ ಇದ್ದರೆ, ‘ಪ್ರತಿವಾದಿಗೆ ತಿಳಿದಿಲ್ಲವಾದ್ದರಿಂದ ಒಪ್ಪಿಕೊಳ್ಳುವುದಿಲ್ಲ, ವಾದಿಯೇ ಸಾಬೀತುಪಡಿಸಬೇಕು’ ಎಂದು ಪೂರ್ತಿ ಮಾಡಿ. ತನ್ನ ಸಹಿ ತನ್ನದೋ ಅಲ್ಲವೋ ಎಂಬಂಥ, ತನಗೆ ಗೊತ್ತಿರಲೇಬೇಕಾದ ವಿಷಯಕ್ಕೆ ಮಾತ್ರ ಈ ಉತ್ತರ ಸಲ್ಲದು.

ಒಳಗೊಳಗೇ ಜಗಳ

ಪ್ಯಾರಾವಾರು ಉತ್ತರದ ನಂತರ ಪ್ರತಿವಾದಿಯ ಸ್ವಂತ ಸಂಗತಿಗಳು ಬರುತ್ತವೆ. ನಮ್ಮ ಕರಡಿನಲ್ಲಿ ಅವು 16ರಿಂದ 19ನೇ ಪ್ಯಾರಾಗಳು. ಇವು ಮೇಲಿನ ಉತ್ತರಗಳ ಜೊತೆ ಜಗಳವಾಡುತ್ತಿವೆಯೇ ಎಂದು ನೋಡುವುದು ತಾಳೆಯ ಎರಡನೇ ಸುತ್ತು.

ಹಳೆಯ ಕರಡಿನಲ್ಲಿ 4ಕ್ಕೆ ‘ಪ್ರೋನೋಟು ಸುಳ್ಳು’ ಎಂದಿತ್ತು, 16ರಲ್ಲಿ ‘ಖಾಲಿ ಪ್ರೋನೋಟಿಗೆ ಸಹಿ ಪಡೆದರು’ ಎಂದಿತ್ತು. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ಇಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಪ್ರೋನೋಟು ಬರೆದುಕೊಟ್ಟದ್ದು ಒಪ್ಪಿತವಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 118ನೇ ಕಲಮಿನ ಪ್ರಕಾರ ಅದಕ್ಕೆ ಪ್ರತಿಫಲ ಸಂದಿದೆ ಎಂದೇ ಊಹಿಸಲಾಗುತ್ತದೆ. ಅಲ್ಲ ಎಂದು ತೋರಿಸುವ ಹೊಣೆ ಪ್ರತಿವಾದಿಯ ಮೇಲೆ ಬೀಳುತ್ತದೆ. ಸ್ಟಾಂಪು ಹಚ್ಚಿದ ಖಾಲಿ ಕಾಗದಕ್ಕೆ ಸಹಿ ಹಾಕಿ ಕೊಟ್ಟರೆ ಅದನ್ನು ತುಂಬುವ ಅಧಿಕಾರವನ್ನೂ ಮೇಲ್ನೋಟಕ್ಕೆ ಕೊಟ್ಟಂತೆ ಎಂದು 20ನೇ ಕಲಮು ಹೇಳುತ್ತದೆ. ಹಾಗಾಗಿ ಎಷ್ಟನ್ನು ಒಪ್ಪಬೇಕು ಎಂಬುದು ವಕೀಲರು ತೀರ್ಮಾನಿಸಬೇಕಾದ ಮಾತು. ತಾಳೆ ನೋಡುವವರು ತಾವಾಗಿ ವಾಕ್ಯ ತಿದ್ದದೆ, ಅಂಚಿನಲ್ಲಿ ‘4/5 ಮತ್ತು 16 ವಿರುದ್ಧ’ ಎಂದು ಗುರುತು ಹಾಕಿ ಮೇಲಕ್ಕೆ ಕಳುಹಿಸಬೇಕು.

8ನೇ ಪ್ಯಾರಾದ ಲೆಕ್ಕವನ್ನೂ ಇದೇ ಸುತ್ತಿನಲ್ಲಿ ಮಾಡಿ ನೋಡಬೇಕು. ವಾದಿಯ ಲೆಕ್ಕ: ಅಸಲು 4,50,000. ಶೇ. 18ರಂತೆ ತಿಂಗಳಿಗೆ 6,750. 2022ರ ಡಿಸೆಂಬರ್‌ವರೆಗೆ ಬಡ್ಡಿ ಬಂದಿದೆ, ಆಮೇಲೆ 2025ರ ಮಾರ್ಚ್‌ವರೆಗೆ 27 ತಿಂಗಳಿಗೆ 1,82,250. ಒಟ್ಟು 6,32,250. ಲೆಕ್ಕದಲ್ಲಿ ಕೂಡಿಸುವ ತಪ್ಪಿಲ್ಲ. ಹಾಗಿರುವಾಗ ಕರಡಿನಲ್ಲಿ 7ಕ್ಕೆ ಸರಿದಿದ್ದ ‘ಲೆಕ್ಕ ತಪ್ಪಾಗಿದೆ’ ಎಂಬ ಉತ್ತರ ಅಪಾಯದ್ದು, ಏಕೆಂದರೆ ತಕರಾರು ಇರುವುದು ಕೂಡಿಕೆಯಲ್ಲಲ್ಲ, ಅಸಲು ಮತ್ತು ಬಡ್ಡಿಯಲ್ಲಿ. ಅವೆರಡನ್ನೂ ಇಲ್ಲಿ ಹೆಸರಿಸಿ ಮತ್ತೆ ನಿರಾಕರಿಸಬೇಕು. 5ನೇ ಪ್ಯಾರಾದ ‘ಡಿಸೆಂಬರ್‌ವರೆಗೆ ಬಡ್ಡಿ ಕಟ್ಟಿದ’ ಎಂಬುದನ್ನು ನಿರಾಕರಿಸದೆ ಬಿಟ್ಟಿದ್ದರೆ ಬಡ್ಡಿಯೇ ಇರಲಿಲ್ಲ ಎಂಬ 4/7ರ ಉತ್ತರ ಗಾಳಿಗೆ ಹೋಗುತ್ತದೆ. 4 ಮತ್ತು 5ಕ್ಕೆ ಸೇರಿಸಿ ಉತ್ತರ ಬರೆದ ಹಳೆಯ ಕರಡಿನಲ್ಲಿ ಆಗಿದ್ದು ಇದೇ. ಉತ್ತರ ಎರಡಕ್ಕೂ ಸೇರಿದ್ದು ಎಂದುಕೊಂಡರು, ಒಳಗೆ ಬಡ್ಡಿ ಕಟ್ಟಿದ ಮಾತೇ ಇರಲಿಲ್ಲ.

ಪ್ರತಿವಾದಿಯ ಲೆಕ್ಕದ ತುದಿಗೂ ಹೋಗಬೇಕು. ಎರಡೂವರೆ ಲಕ್ಷ ಪಡೆದದ್ದು ಒಪ್ಪಿದೆ, ಒಂದು ಲಕ್ಷ ಹಿಂದಿರುಗಿಸಿದ್ದು ಹೇಳಿದೆ. ಓದುವವರು ಯಾರೇ ಆಗಲಿ ಉಳಿದ 1,50,000ವನ್ನು ತಾವೇ ಕಂಡುಕೊಳ್ಳುತ್ತಾರೆ. ಆ ಮೊತ್ತದ ಮಟ್ಟಿಗೆ ಒಪ್ಪಿಗೆಯ ಆಧಾರದ ಮೇಲೆ ತೀರ್ಪು ಕೊಡಿ ಎಂದು ವಾದಿ 12ನೇ ಆದೇಶದ 6ನೇ ನಿಯಮದಡಿ ಕೇಳಬಹುದು. ಸತ್ಯ ಅದೇ ಆಗಿದ್ದರೆ ಹಾಗೆಯೇ ಬರೆಯಬೇಕು. ಆದರೆ ಸಹಿ ಹಾಕುವ ಮುನ್ನ ಕಕ್ಷಿದಾರರಿಗೆ ಇದು ಗೊತ್ತಿರಲಿ. ಕಡತ ನ್ಯಾಯಾಲಯಕ್ಕೆ ಹೋದ ಮೇಲೆ ‘ನಾನು ಹಾಗೆ ಹೇಳಿಲ್ಲ’ ಎಂಬ ಫೋನು ಬರುವುದು ಸಾಮಾನ್ಯವಾಗಿ ಈ ಜಾಗದಿಂದಲೇ.

10ನೇ ಪ್ಯಾರಾ, ವ್ಯಾಜ್ಯಕಾರಣ, ಹಳೆಯ ದಿನಾಂಕಗಳನ್ನೇ ಮತ್ತೆ ಹೇಳುತ್ತದೆ. ‘ವ್ಯಾಜ್ಯಕಾರಣ ಇಲ್ಲ’ ಎಂಬ ಒಂದೇ ಸಾಲಿನ ಉತ್ತರದಿಂದ ಆ ದಿನಾಂಕಗಳ ಜೊತೆ ಬರುವ ಸಂಗತಿಗಳಿಗೆ ಉತ್ತರವಾಗುವುದಿಲ್ಲ. ಇಲ್ಲಿ ‘ನೋಟಿಸು ತಲುಪಿಯೂ ಉತ್ತರ ಕೊಡದ’ ಎಂಬ ತುಣುಕೊಂದು ಸೇರಿಕೊಂಡಿದೆ. 7ರಲ್ಲಿ ನಿರಾಕರಿಸಿದ್ದನ್ನು ಇಲ್ಲೂ ನಿರಾಕರಿಸಿ, 24-02-2025ರ ಉತ್ತರವನ್ನು ಹೆಸರಿಸಬೇಕು. ವಿಳಾಸ, ಮೌಲ್ಯ, ಬೇರೆ ದಾವೆ ಇಲ್ಲ ಎಂಬ ಪ್ಯಾರಾಗಳಿಗೆ ಹೆಚ್ಚು ಹೊತ್ತು ಬೇಡ, ಉತ್ತರ ಇದೆಯೇ ಎಂದು ನೋಡಿ ಮುಂದೆ ಹೋಗಬಹುದು. ಆಸ್ತಿ ದಾವೆಯಾಗಿದ್ದರೆ ಮಾತ್ರ ಷೆಡ್ಯೂಲನ್ನು ಒಂದು ಪ್ಯಾರಾ ಎಂದೇ ಎಣಿಸಿ ಸರ್ವೆ ನಂಬರು, ವಿಸ್ತೀರ್ಣ, ನಾಲ್ಕೂ ದಿಕ್ಕಿನ ಚೆಕ್ಕುಬಂದಿಗೆ ಪ್ರತ್ಯೇಕ ಉತ್ತರ ಬೇಕು.

ಸತ್ಯಾಪನೆಯ ಸಂಖ್ಯೆಗಳು

ಕೊನೆಯ ಪುಟದ ಸತ್ಯಾಪನೆಯಲ್ಲಿ ಯಾವ ಪ್ಯಾರಾ ಸ್ವಂತ ತಿಳಿವಳಿಕೆಯಿಂದ, ಯಾವುದು ಬೇರೆಯವರಿಂದ ತಿಳಿದು ನಿಜವೆಂದು ನಂಬಿದ್ದು ಎಂದು ಸಂಖ್ಯೆ ಹಾಕಿ ಹೇಳಬೇಕು. ಅದು 6ನೇ ಆದೇಶದ 15ನೇ ನಿಯಮ. ಇಲ್ಲಿ ಬರುವ ಸಂಖ್ಯೆಗಳು ಲಿಖಿತ ಹೇಳಿಕೆಯವು, ವಾದಪತ್ರದವಲ್ಲ. ಹಳೆಯ ಕೇಸಿನ ಕಡತದ ಮೇಲೆಯೇ ಹೊಸದನ್ನು ಬರೆಯುವ ರೂಢಿಯಿಂದ ‘1ರಿಂದ 14ನೇ ಪ್ಯಾರಾಗಳು’ ಎಂಬುದು ಹಾಗೇ ಉಳಿದಿರುತ್ತದೆ, ಹೇಳಿಕೆಯಲ್ಲಿ 19 ಪ್ಯಾರಾಗಳಿದ್ದರೂ. ಆಗ ಪ್ರೋನೋಟಿನ 16ನೇ ಪ್ಯಾರಾ ಸತ್ಯಾಪನೆಯ ಹೊರಗೇ ಉಳಿಯುತ್ತದೆ. ಜೊತೆಯ ಪ್ರಮಾಣಪತ್ರದಲ್ಲೂ ಅದೇ ಸಂಖ್ಯೆ, ಸ್ಥಳ, ದಿನಾಂಕ ಇದೆಯೇ ನೋಡಿ. ಹೇಳಿಕೆಯ ಒಳಗಿನ ‘16ನೇ ಪ್ಯಾರಾದಲ್ಲಿ ವಿವರಿಸಿದಂತೆ’ ಎಂಬ ಅಡ್ಡ ಉಲ್ಲೇಖಗಳನ್ನೂ ಈಗಲೇ ಒಂದೊಂದಾಗಿ ತೆರೆದು ನೋಡಬೇಕು, ಮೊದಲಲ್ಲ. ಮೇಲಿನ ತಿದ್ದುಪಡಿಗಳಿಂದ ಅವು ಬದಲಾಗಿರುತ್ತವೆ.

ಇದೆಲ್ಲಕ್ಕೂ ಸಮಯ ಎಷ್ಟು? ಸಮನ್ಸು ಜಾರಿಯಾದ ದಿನದಿಂದ 30 ದಿನ, ಕಾರಣ ಬರೆದು ನ್ಯಾಯಾಲಯ ವಿಸ್ತರಿಸಿದರೆ 90 ದಿನ. ವಾಣಿಜ್ಯ ದಾವೆಗಳಲ್ಲಿ 120 ದಿನ ಕಳೆದರೆ ಬಾಗಿಲು ಮುಚ್ಚಿದಂತೆ. ಮೂವತ್ತು ಸಾಲಿನ ಪಟ್ಟಿಯ ತಾಳೆಗೆ ಇಬ್ಬರಿಗೆ ಅರ್ಧ ದಿನ ಬೇಕು. ಕಡೆಯ ದಿನ ಸಂಜೆ ಮುದ್ರಣಕ್ಕೆ ಕಳುಹಿಸುವವರಿಗೆ ಆ ಅರ್ಧ ದಿನ ಸಿಗುವುದಿಲ್ಲ. ಸಲ್ಲಿಸಿದ ಮೇಲೆ ತಪ್ಪು ಕಂಡರೆ 6ನೇ ಆದೇಶದ 17ನೇ ನಿಯಮದಡಿ ತಿದ್ದುಪಡಿ ಅರ್ಜಿ ಹಾಕಬೇಕು. ವಿಚಾರಣೆ ಆರಂಭವಾದ ನಂತರವಾದರೆ, ಸಾಕಷ್ಟು ಎಚ್ಚರ ವಹಿಸಿಯೂ ಮೊದಲೇ ಎತ್ತಲಾಗಲಿಲ್ಲ ಎಂದು ತೋರಿಸಬೇಕು. ಒಪ್ಪಿಗೆಯೊಂದನ್ನು ಪೂರ್ತಿ ಅಳಿಸಿ ವಾದಿಯ ಕಾಲಡಿಯ ನೆಲ ಎಳೆಯುವಂಥ ತಿದ್ದುಪಡಿಯನ್ನು 1976ರ ಮೋದಿ ಸ್ಪಿನ್ನಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ‘8ನೇ ಪ್ಯಾರಾದ ಬಗ್ಗೆ ತಕರಾರಿಲ್ಲ’ ಎಂಬುದು ಕೈತಪ್ಪು ಎಂದು ಉಳಿದ ಉತ್ತರಗಳನ್ನು ತೋರಿಸಿ ವಾದಿಸಬಹುದು, ಲಿಖಿತ ಹೇಳಿಕೆಯನ್ನು ಇಡಿಯಾಗಿ ಓದಬೇಕು ಎಂಬ ಮಾತೂ ನೆರವಿಗೆ ಬರುತ್ತದೆ. ಆದರೆ ಅಷ್ಟು ವಾದ ಮಾಡಬೇಕಾಗಿ ಬಂದದ್ದೇ ನಷ್ಟ.

ತಾಳೆಯ ಹಾಳೆಯನ್ನು ಬಿಸಾಡಬೇಡಿ, ಕಡತದಲ್ಲಿ ಲಿಖಿತ ಹೇಳಿಕೆಯ ಹಿಂದೆಯೇ ಸೇರಿಸಿ. ಒಬ್ಬರು ಹೌದೆಂದು ಇನ್ನೊಬ್ಬರು ಅಲ್ಲವೆಂದ ಮುಖ್ಯ ಸಂಗತಿಗಳಿಂದಲೇ 14ನೇ ಆದೇಶದಡಿ ವಿವಾದಾಂಶಗಳು ಹುಟ್ಟುತ್ತವೆ. ನ್ಯಾಯಾಲಯ ವಿವಾದಾಂಶಗಳನ್ನು ರಚಿಸಿದ ದಿನ ಈ ಹಾಳೆಯಲ್ಲಿ ‘ನಿರಾಕರಿಸಿದೆ’ ಎಂದಿರುವ ಸಾಲುಗಳನ್ನು ಅವುಗಳ ಪಕ್ಕ ಇಟ್ಟು ನೋಡಿ. ನಗದಿನ ಎರಡು ಲಕ್ಷ, ಅಂದರೆ 4/4, ಯಾವ ವಿವಾದಾಂಶದಲ್ಲೂ ಬಂದಿಲ್ಲವಾದರೆ ಅದನ್ನು ಸೇರಿಸುವಂತೆ ಕೇಳಿಕೊಳ್ಳಲು ಸಾಕ್ಷ್ಯ ಶುರುವಾಗುವ ಮುಂಚಿನ ಆ ಹೊತ್ತೇ ಸರಿ.